ಶಿಫ್ಟ್ ಜತೆ 2 ಒತ್ತಿದರೂ @ ಬಾರದ ಕೀಬೋರ್ಡ್: ಹದಿನಾಲ್ಕು ತಿಂಗಳ ಬಳಕೆ

ಅನುವಾದವೇ ನನ್ನ ಕಸುಬು. ಊಟದ ಮೇಜೇ ನನ್ನ ಕಚೇರಿ. ಲ್ಯಾಪ್‌ಟಾಪಿನಲ್ಲಿ ಕನ್ನಡ ಪಠ್ಯ, ಅದರ ಪಕ್ಕದ ಟ್ಯಾಬ್ಲೆಟ್ಟಿನಲ್ಲಿ ಮೂಲ ಇಂಗ್ಲಿಷ್ ಪುಸ್ತಕ, ಕಾಫಿ ಲೋಟದ ಬದಿಗೆ ಫೋನು. ಈ ಮೂರಕ್ಕೂ ಸೇರಿ ಒಂದೇ ಬ್ಲೂಟೂತ್ ಕೀಬೋರ್ಡ್ ಸಾಕೆಂದು ಲೆಕ್ಕ ಹಾಕಿ ಕಳೆದ ವರ್ಷ 2,800 ರೂಪಾಯಿ ಕೊಟ್ಟು ತಂದೆ. ಮೊದಲ ಸಾಲಿನ ಎಡತುದಿಯಲ್ಲಿ ಸಾಧನ ಬದಲಿಸುವ ಮೂರು ಕೀಗಳಿವೆ. ಒಂದೊಂದನ್ನೂ ಮೂರು ಸೆಕೆಂಡು ಒತ್ತಿ ಹಿಡಿದರೆ ದೀಪ ವೇಗವಾಗಿ ಮಿನುಗತೊಡಗುತ್ತದೆ. ಆಗ ಆಯಾ ಸಾಧನದ ಬ್ಲೂಟೂತ್ ಪಟ್ಟಿಯಲ್ಲಿ ಕೀಬೋರ್ಡಿನ ಹೆಸರನ್ನು ಆರಿಸಿ, ಪರದೆಯಲ್ಲಿ ಸಂಖ್ಯೆ ಕಾಣಿಸಿದರೆ ಅದನ್ನು ಕೀಬೋರ್ಡಿನಲ್ಲೇ ಒತ್ತಿ ಎಂಟರ್ ಕೊಡಬೇಕು. ಜೋಡಣೆಯ ಕೆಲಸ ಅಷ್ಟೇ, ಅದೂ ಒಂದೇ ಸಲ.

ಆಮೇಲಿನ ದಿನಚರಿ ಬಲು ಹಿತವಾದದ್ದು. ಬರೆಯುತ್ತಿರುವಾಗ ಮನೆಯವರ ಸಂದೇಶ ಬಂದರೆ ಮೂರನೆಯ ಕೀಯನ್ನು ಒಮ್ಮೆ ತಟ್ಟಿ, ಒಂದೆರಡು ಸೆಕೆಂಡು ಕಾದು, ಫೋನನ್ನು ಕೈಗೆತ್ತಿಕೊಳ್ಳದೆಯೇ ಉತ್ತರ ಬರೆದು, ಮೊದಲನೆಯ ಕೀ ತಟ್ಟಿ ವಾಕ್ಯದ ಅರ್ಧಕ್ಕೆ ಮರಳುತ್ತೇನೆ. ಆ ಒಂದೆರಡು ಸೆಕೆಂಡು ಕಾಯದಿದ್ದರೆ ಮೊದಲ ಅಕ್ಷರಗಳು ನುಂಗಿಹೋಗುತ್ತವೆ. ‘ಬರುತ್ತೇನೆ’ ಎಂಬುದು ‘ತ್ತೇನೆ’ ಎಂದಷ್ಟೇ ಹೋದದ್ದುಂಟು.

ಈ ಸಂತೋಷಕ್ಕೆ ಕಲ್ಲು ಬಿದ್ದದ್ದು ಎರಡನೆಯ ವಾರದಲ್ಲಿ. ಬ್ಯಾಂಕ್ ಖಾತೆಯ ಪಾಸ್‌ವರ್ಡನ್ನು ಮೂರು ಸಲ ಸರಿಯಾಗಿಯೇ ಒತ್ತಿದೆ, ಮೂರು ಸಲವೂ ತಪ್ಪೆಂದಿತು, ಖಾತೆ ಮರುದಿನದವರೆಗೆ ಬಂದಾಯಿತು. ಚುಕ್ಕಿಗಳ ಹಿಂದೆ ಏನು ಬೀಳುತ್ತಿದೆಯೆಂದು ಕಾಣುವುದಿಲ್ಲವಲ್ಲ. ಕೊನೆಗೆ ಬಳಕೆದಾರರ ಹೆಸರಿನ ಖಾನೆಯಲ್ಲಿ ಒತ್ತಿ ನೋಡಿದರೆ @ ಇರಬೇಕಾದಲ್ಲಿ " ಬಂದಿತ್ತು, # ಇರಬೇಕಾದಲ್ಲಿ £ ಬಂದಿತ್ತು.

ಕೀಬೋರ್ಡ್ ಕೆಟ್ಟಿದೆಯೆಂದು ಅಂಗಡಿಯವನ ಮೇಲೆ ಸಿಟ್ಟಾದದ್ದು ನನ್ನ ತಪ್ಪು. ಕೀಬೋರ್ಡ್ ಅಕ್ಷರಗಳನ್ನು ಕಳಿಸುವುದೇ ಇಲ್ಲ. ಎಷ್ಟನೆಯ ಸಂಖ್ಯೆಯ ಕೀ ಒತ್ತಲಾಯಿತು ಎಂದಷ್ಟೇ ಹೇಳುತ್ತದೆ, ಅದನ್ನು ಯಾವ ಅಕ್ಷರವೆಂದು ಓದಿಕೊಳ್ಳಬೇಕೆಂಬುದು ಸಾಧನದ ತೀರ್ಮಾನ. ನನ್ನ ಲ್ಯಾಪ್‌ಟಾಪ್ ಅಕ್ಕನ ಮಗ ಇಂಗ್ಲೆಂಡಿನಲ್ಲಿ ಓದುವಾಗ ಕೊಂಡದ್ದು. ಅದರ 2ರ ಮೇಲೆ " ಎಂದೇ ಅಚ್ಚಾಗಿದೆ, ಹೊಸ ಕೀಬೋರ್ಡಿನ 2ರ ಮೇಲೆ @ ಇದೆ, ಆದರೆ ವಿಂಡೋಸ್ ಎರಡಕ್ಕೂ ಒಂದೇ ವಿನ್ಯಾಸವನ್ನು ಅನ್ವಯಿಸುತ್ತದೆ.

ಪರಿಹಾರಕ್ಕೆ Settings → Time & language → Language & region ತೆರೆದು English (India) ಸೇರಿಸಿದೆ. ಈ ವಿನ್ಯಾಸದಲ್ಲಿ @ ತನ್ನ ಜಾಗಕ್ಕೆ ಬಂತು. ಬಲಗಡೆಯ Alt ಜತೆ 4 ಒತ್ತಿದರೆ ₹ ಕೂಡ ಬರುತ್ತದೆ, ಇದು ನಾನು ಕೇಳದೆ ಸಿಕ್ಕ ಲಾಭ. ಹಳೆಯ English (United Kingdom) ಅನ್ನು ಪಟ್ಟಿಯಿಂದ ತೆಗೆದೇಬಿಟ್ಟೆ, ಏಕೆಂದರೆ ಅದು ಉಳಿದಿದ್ದರೆ Alt ಮತ್ತು Shift ಅಕಸ್ಮಾತ್ ಒಟ್ಟಿಗೆ ಒತ್ತಿದಾಗಲೆಲ್ಲ ಸದ್ದಿಲ್ಲದೆ ಅದಕ್ಕೇ ಹೊರಳುತ್ತಿತ್ತು. ಈಗ ಲ್ಯಾಪ್‌ಟಾಪಿನ ಸ್ವಂತ ಕೀಗಳು ಸುಳ್ಳು ಹೇಳುತ್ತವೆ, ಆದರೆ ಅವನ್ನು ನಾನು ಮುಟ್ಟುವುದೇ ಅಪರೂಪ. ಆಂಡ್ರಾಯ್ಡ್ ಫೋನಿನಲ್ಲಿ ಈ ತಾಪತ್ರಯ ಕಡಿಮೆ: ಕೀಬೋರ್ಡ್ ಜೋಡಣೆಯಲ್ಲಿರುವಾಗ ಸೆಟ್ಟಿಂಗ್ಸಿನಲ್ಲಿ Physical keyboard ಎಂದು ಹುಡುಕಿ, ಆ ಒಂದು ಕೀಬೋರ್ಡಿಗೆ ಮಾತ್ರ ವಿನ್ಯಾಸವನ್ನು ಆರಿಸಬಹುದು. ಪರದೆಯ ಮೇಲಿನ ಕೀಬೋರ್ಡ್ ಮಾಯವಾಯಿತೆಂದು ಗಾಬರಿಯಾಗುವವರಿಗೆ ಅದನ್ನು ಮರಳಿಸುವ ಗುಂಡಿಯೂ ಅಲ್ಲೇ ಇದೆ.

ಬಗೆಹರಿಯದೆ ಉಳಿದದ್ದು ಕನ್ನಡ. ಲ್ಯಾಪ್‌ಟಾಪಿನಲ್ಲಿ ನಾನು ನುಡಿ ವಿನ್ಯಾಸದವನು. ನನ್ನ ಟ್ಯಾಬ್ಲೆಟ್ಟಿನಲ್ಲಿರುವ ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ‘ಕನ್ನಡ’ ಎಂದು ಬರೆಯಲು ಬೆರಳುಗಳು ತಾವಾಗಿ knfnw ಒತ್ತುತ್ತವೆ, ಟ್ಯಾಬ್ಲೆಟ್ಟಿನಲ್ಲಿ ಅದು ‘ಕಲಿಲೈ’ ಆಗುತ್ತದೆ. ಅಲ್ಲಿ n ಎಂದರೆ ಲ, f ಎಂದರೆ ಗುಡಿಸು, w ಎಂದರೆ ಐತ್ವ. ಅಲ್ಲಿ ಅದೇ ಪದ ಬೇಕೆಂದರೆ kvdv[ ಒತ್ತಬೇಕು. ಎರಡನ್ನೂ ಬೆರಳಿಗೆ ಕಲಿಸಲು ಒಂದು ತಿಂಗಳು ಹೆಣಗಿದೆ. ಲ್ಯಾಪ್‌ಟಾಪಿನಲ್ಲೂ ತಪ್ಪುಗಳು ಶುರುವಾದಾಗ ಕೈಬಿಟ್ಟೆ. ಈಗ ಟ್ಯಾಬ್ಲೆಟ್ಟಿನಲ್ಲಿ ಇಂಗ್ಲಿಷ್ ಟಿಪ್ಪಣಿ ಮಾತ್ರ, ಕನ್ನಡಕ್ಕೆ ಮೊದಲನೆಯ ಕೀ.

ಎರಡು ವಿನ್ಯಾಸಗಳಲ್ಲಿ ಕನ್ನಡ ಬರೆಯಬೇಕಾದವರು ಕೊಳ್ಳುವ ಮೊದಲು ತಮ್ಮ ಪ್ರತಿಯೊಂದು ಸಾಧನದಲ್ಲೂ ಯಾವ ವಿನ್ಯಾಸವಿದೆಯೆಂದು ನೋಡಿಕೊಳ್ಳಲಿ. ಮಿಕ್ಕವರಿಗೆ ಈ ಬೆಲೆಗೆ ಇದು ಧಾರಾಳ. ನಾನಂತೂ ಬ್ಯಾಂಕಿನ ಪುಟ ತೆರೆದಾಗ ಇಂದಿಗೂ ಬಳಕೆದಾರರ ಹೆಸರಿನ ಖಾನೆಯಲ್ಲಿ ಒಮ್ಮೆ @ ಒತ್ತಿ, ಕಣ್ಣಾರೆ ನೋಡಿ, ಅಳಿಸಿ, ಆಮೇಲಷ್ಟೇ ಪಾಸ್‌ವರ್ಡಿಗೆ ಕೈ ಹಾಕುತ್ತೇನೆ.