ಸೌಂಡ್ ಸಿಸ್ಟಮ್ ಬಾಡಿಗೆಗೆ: ದೊಡ್ಡ ಡೆಪಾಸಿಟ್ ಮೇಲಾ, ಜೊತೆಗೆ ನಾವೇ ಹೋಗೋದು ಮೇಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೊತೆಗೆ ಹೋಗುವುದಕ್ಕೆ. ಅದಕ್ಕೆ ಕಾರಣ ಸ್ಪೀಕರಿನಲ್ಲಿ ಸುಟ್ಟುಹೋದ ಒಂದು ಹಾರ್ನ್. ನನ್ನ ಹತ್ತಿರ ಒಳಗೇ ಆಂಪ್ಲಿಫೈಯರ್ ಇರುವ ಒಂದು ಜೊತೆ ಪವರ್ಡ್ ಸ್ಪೀಕರ್, ಒಂದು ಸಣ್ಣ ಮಿಕ್ಸರ್, ಎರಡು ಮೈಕ್, ಒಂದು ಪ್ರೊಜೆಕ್ಟರ್, ಒಂದು ಕ್ಯಾಮೆರಾ ಇವೆ. ಸಣ್ಣಪುಟ್ಟ ಕಾರ್ಯಕ್ರಮಗಳಿಗೆ ಕೇಳಿದವರಿಗೆ ಕೊಡುತ್ತೇನೆ. ಕೊಡುವ ರೀತಿಯನ್ನು ಎರಡು ಸಲ ಬದಲಿಸಿದ್ದೇನೆ. ಮೊದಲು ವಸ್ತುವಿನ ಪೂರ್ತಿ ಬೆಲೆಯಷ್ಟು ಡೆಪಾಸಿಟ್ ಇಟ್ಟುಕೊಂಡು ಕೊಟ್ಟೆ. ಆಮೇಲೆ ಡೆಪಾಸಿಟ್ ಬಿಟ್ಟು, ಬಾಡಿಗೆಯ ಜೊತೆ ವಾಪಸ್ ಕೊಡದ ಒಂದು ಚಿಕ್ಕ ರಿಪೇರಿ ಶುಲ್ಕ ತೆಗೆದುಕೊಂಡೆ. ಈಗ ಚಿಕ್ಕ ಡೆಪಾಸಿಟ್ ತೆಗೆದುಕೊಂಡು ನಾನೇ ಆಪರೇಟರ್ ಆಗಿ ಹೋಗುತ್ತೇನೆ.

ಲೆಕ್ಕ ಸುಲಭವಾಗಲಿ ಅಂತ ಎಲ್ಲವನ್ನೂ ಬಾಡಿಗೆಯಲ್ಲೇ ಅಳೆಯುತ್ತೇನೆ. ಸೌಂಡ್ ಸೆಟ್ಟಿನ ಒಂದು ದಿನದ ಬಾಡಿಗೆ 1 ಎಂದುಕೊಳ್ಳಿ. ಇಡೀ ಸೆಟ್ ಹೊಸದಾಗಿ ಕೊಂಡರೆ ನನಗೆ 40 ಬಾಡಿಗೆಯಷ್ಟು ಬೀಳುತ್ತದೆ.

ಪೂರ್ತಿ ಡೆಪಾಸಿಟ್ ಅಂದರೆ ಭದ್ರ ಅಂತ ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರು 40 ಎಂದ ಕೂಡಲೇ ವಾಪಸ್ ಹೋದರು. ಅದು ಇರಲಿ. ಕೊಟ್ಟವರ ವರಸೆಯೇ ಬೇರೆ: "ಪೂರ್ತಿ ದುಡ್ಡು ಕೊಟ್ಟಿದ್ದೀವಲ್ಲ ಸಾರ್" ಎಂದು ಮಿಕ್ಸರಿನಲ್ಲಿ ಒಟ್ಟು ಸದ್ದು ಏರಿಸುವ ಮಾಸ್ಟರ್ ಫೇಡರನ್ನು ತುದಿಗೆ ತಳ್ಳುತ್ತಾರೆ. ದೊಡ್ಡ ಡೆಪಾಸಿಟ್ ಕೊಟ್ಟವನಿಗೆ ಆ ಒಂದು ದಿನ ವಸ್ತು ತನ್ನದೇ ಎನಿಸುತ್ತದೆ.

ನಿಜವಾದ ತೊಂದರೆ ಶುರುವಾಗುವುದು ವಾಪಸ್ ಬರುವ ಹೊತ್ತಿಗೆ.

ರಾತ್ರಿ ಹನ್ನೊಂದೂವರೆ. ಗಾಡಿ ಬಾಗಿಲಿಗೆ ಬಂದಿದೆ. ಇಬ್ಬರು ಸ್ಪೀಕರ್ ಇಳಿಸುತ್ತಿದ್ದಾರೆ, ಮೂರನೆಯವರು ಡೆಪಾಸಿಟ್ಟಿಗೆ ಕಾಯುತ್ತಾ ನಿಂತಿದ್ದಾರೆ. ಎಲ್ಲರಿಗೂ ನಿದ್ದೆ. ನಾನು ಹೊರಗಿನ ಗೀರು ನೋಡಿದೆ, ಕೇಬಲ್ ಎಣಿಸಿದೆ. ಮೈಕ್ ಹಾಕಿ ಮೆಲ್ಲಗೆ "ಹಲೋ ಹಲೋ" ಎಂದೆ. ಎರಡೂ ಸ್ಪೀಕರಿನಿಂದ ದನಿ ಬಂತು. 40 ಬಾಡಿಗೆಯ ಹಣ ಎಣಿಸಿ ಕೊಟ್ಟುಬಿಟ್ಟೆ.

ಆಮೇಲೆ ಅದೇ ಸೆಟ್ ಇನ್ನೂ ಎರಡು ಕಡೆ ಹೋಗಿ ಬಂತು. ಒಂದು ದಿನ ನಾನೇ ಕೂತು ಹಾಡು ಕೇಳುವಾಗ ಎಡಗಡೆ ಏನೋ ಮಂಕು ಎನಿಸಿತು. ಸ್ಪೀಕರಿಗೆ ಕಂಬಳಿ ಹೊದಿಸಿದ ಹಾಗೆ. ಮಾತು ಕೇಳುತ್ತದೆ, ಆದರೆ ಸ, ಶ, ಚ ಸ್ಪಷ್ಟವಿಲ್ಲ. ತಾಳದ ಝಣ್ ಇಲ್ಲವೇ ಇಲ್ಲ.

ಇದರ ಕಾರಣ ಸ್ಪೀಕರಿನ ಒಳಗಿದೆ. ಇಂಥ ಪೆಟ್ಟಿಗೆಯಲ್ಲಿ ಸದ್ದು ಹೊರಡಿಸುವ ಎರಡು ಡ್ರೈವರ್ ಇರುತ್ತವೆ. ಕೆಳಗಿನ ದೊಡ್ಡ ವೂಫರ್ ಸುಮಾರು 2,000 ಹರ್ಟ್ಸ್ ತನಕ ನೋಡಿಕೊಳ್ಳುತ್ತದೆ. ಅದರ ಮೇಲಿನದ್ದೆಲ್ಲ ಹಾರ್ನಿನ ಹಿಂದೆ ಕೂತ ಚಿಕ್ಕ ಡ್ರೈವರಿನ ಕೆಲಸ. ನಮ್ಮ ಮಾತಿನ ಬಹುಪಾಲು ಬಲ ವೂಫರಿನಲ್ಲೇ ಬರುತ್ತದೆ. ಹಾಗಾಗಿ ಹಾರ್ನ್ ಪೂರ್ತಿ ಸತ್ತಿದ್ದರೂ "ಹಲೋ ಹಲೋ" ಚೆನ್ನಾಗಿಯೇ ಕೇಳುತ್ತದೆ. ನಾನು ಮಾಡಿದ ಪರೀಕ್ಷೆ ವೂಫರಿಗೆ ಮಾತ್ರ ಆಗಿತ್ತು.

ಡ್ರೈವರ್ ಬಿಚ್ಚಿ, ಅದರ ವೈರ್ ಕಳಚಿ ಮಲ್ಟಿಮೀಟರ್ ಹಿಡಿದೆ. 8 ಓಮ್ ಎಂದು ಬರೆದಿರುವ ಡ್ರೈವರ್ ಮೀಟರಿನಲ್ಲಿ ಸುಮಾರು 6 ಓಮ್ ತೋರಿಸಬೇಕು. ನನ್ನದು OL ತೋರಿಸಿತು. ಅಂದರೆ ಒಳಗಿನ ಕಾಯಿಲ್ ತುಂಡಾಗಿದೆ. ಕಾಯಿಲ್ ಅಂಟಿಕೊಂಡಿರುವ ತೆಳು ಪೊರೆ, ಅಂದರೆ ಡಯಾಫ್ರಾಮ್ ತೆಗೆದಾಗ ಕಾಯಿಲ್ ಕಪ್ಪಗಾಗಿತ್ತು, ಸುಟ್ಟ ವಾಸನೆ ಬೇರೆ. ಹೊಸ ಡಯಾಫ್ರಾಮಿಗೂ ಕೂಲಿಗೂ ಸೇರಿ 3 ಬಾಡಿಗೆ ಹೋಯಿತು.

ಸುಟ್ಟವರು ಯಾರು? ಮೂರು ಮಂದಿಯಲ್ಲಿ ಯಾರೂ ಆಗಿರಬಹುದು. ಮೂವರಿಗೂ ಡೆಪಾಸಿಟ್ ಅದೇ ರಾತ್ರಿ ವಾಪಸ್ ಕೊಟ್ಟಿದ್ದೆ. ಫೋನ್ ಮಾಡಿ ಕೇಳುವ ಮುಖವೂ ಇರಲಿಲ್ಲ. 3 ಬಾಡಿಗೆಯ ರಿಪೇರಿಗೆ ಅಂತ 40 ಬಾಡಿಗೆ ಹಿಡಿದಿಟ್ಟುಕೊಂಡಿದ್ದೆ. ಅದರಿಂದ ಒಂದು ಕಾಸೂ ಸಿಗಲಿಲ್ಲ.

ಆಮೇಲೆ ಹಳೇ ಸೌಂಡಿನವರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ಅದು ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಸ್ಪೀಕರ್ ಆನ್ ಮಾಡಿ, ಯಾವ ಕೇಬಲ್ಲೂ ಹಾಕಬೇಡಿ. ಹಿಂದೆ ಸದ್ದು ಹೆಚ್ಚುಕಡಿಮೆ ಮಾಡುವ ಗೇನ್ ಪೂರ್ತಿ ಏರಿಸಿ. ಹಾರ್ನಿನ ಹತ್ತಿರ ಕಿವಿ ಇಡಿ. ಸಣ್ಣಗೆ "ಸ್ಸ್" ಅಂತ ಸದ್ದು ಬರಬೇಕು. ಅದು ಆಂಪ್ಲಿಫೈಯರಿನ ಸ್ವಂತ ಸದ್ದು. ಇನ್ನೊಂದು ಪೆಟ್ಟಿಗೆಯಲ್ಲಿ ಬಂದು ಇದರಲ್ಲಿ ಬರದಿದ್ದರೆ ಹಾರ್ನೋ ಅದರ ಆಂಪ್ಲಿಫೈಯರೋ ಹೋಗಿದೆ ಎಂದರ್ಥ. ಮಧ್ಯರಾತ್ರಿಯಲ್ಲೂ ಯಾರ ನಿದ್ದೆಯೂ ಕೆಡುವುದಿಲ್ಲ. ಕೆಲವು ಹೊಸ ಸ್ಪೀಕರುಗಳಲ್ಲಿ ಈ ಸದ್ದು ಇಲ್ಲದಷ್ಟು ಕಡಿಮೆ. ಅದಕ್ಕೇ ಕೊಡುವಾಗಲೂ ಇದೇ ಪರೀಕ್ಷೆ ಮಾಡಿ, ತೆಗೆದುಕೊಂಡು ಹೋಗುವವರ ಕಿವಿಗೂ ಕೇಳಿಸಬೇಕು. ಕೇಬಲ್ ತೆಗೆಯುವಾಗ ಹಾಕುವಾಗ ಗೇನ್ ಇಳಿಸಿರಿ, ಇಲ್ಲದಿದ್ದರೆ ಟಪ್ ಎನ್ನುವ ಸದ್ದಿಗೇ ಡ್ರೈವರಿಗೆ ಪೆಟ್ಟು ಬೀಳಬಹುದು.

ಆದರೆ ಈ ಉಪಾಯದಿಂದ ಗೊತ್ತಾಗುವುದು ಸತ್ತಿದೆಯೋ ಬದುಕಿದೆಯೋ ಎಂಬುದಷ್ಟೇ. ಅರ್ಧ ಸುಟ್ಟ ಕಾಯಿಲ್, ಅಂಚು ಬಿಟ್ಟ ವೂಫರ್ ಇದಕ್ಕೆ ಸಿಕ್ಕಿಬೀಳುವುದಿಲ್ಲ. ಅವಕ್ಕೆ ಫೋನಿನಿಂದ ಸ್ವೀಪ್ ಹಾಕಬೇಕು. ಸ್ವೀಪ್ ಅಂದರೆ ಕೆಳಗಿನ ಗುಡುಗಿನಿಂದ ಮೇಲಿನ ಕೀರಲು ತನಕ ಜಾರುತ್ತಾ ಹೋಗುವ ಒಂದೇ ಸ್ವರ. ಒಂದೊಂದು ಸ್ಪೀಕರಿಗೆ ಬೇರೆ ಬೇರೆಯಾಗಿ, ಮಾತಾಡುವಷ್ಟು ಜೋರಾಗಿ ಹಾಕಿದರೆ ಸಾಕು. ಕೆಳಗಿನ ಸ್ವರದಲ್ಲಿ ಪರಪರ ಎಂದರೆ ವೂಫರ್ ಉಜ್ಜುತ್ತಿದೆ. ಮೇಲಿನ ಸ್ವರದಲ್ಲಿ ಗರಗರ ಎಂದರೆ ಡಯಾಫ್ರಾಮ್. ಇದನ್ನು ರಾತ್ರಿ ಮಾಡಲಾಗದು. ಅದಕ್ಕೇ ಈಗ ಚೀಟಿಯಲ್ಲೇ ಬರೆಸಿಕೊಳ್ಳುತ್ತೇನೆ: ಡೆಪಾಸಿಟ್ ವಾಪಸ್ ಮರುದಿನ ಮಧ್ಯಾಹ್ನ, ಪರೀಕ್ಷೆ ಮುಗಿದ ಮೇಲೆ. ಬೇಕಾದರೆ ಬಂದು ಎದುರಿಗೇ ನಿಂತು ಕೇಳಬಹುದು. ಡೆಪಾಸಿಟ್ಟನ್ನು 40ರಿಂದ 4ಕ್ಕೆ ಇಳಿಸಿದ್ದೇನೆ. ಸಾಮಾನ್ಯವಾಗಿ ಆಗುವ ರಿಪೇರಿ 3, ಅದರ ಮೇಲೆ ಒಂದು ಮೈಕ್ ಕೇಬಲ್ ಕಳೆದರೂ ಸಾಲುತ್ತದೆ. ಇಷ್ಟಾದರೆ ಜನ ವಾಪಸ್ ಹೋಗುವುದಿಲ್ಲ.

ಎರಡನೆಯ ರೀತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ಸಲ ಬಾಡಿಗೆಯ ಐದರಲ್ಲೊಂದು ಭಾಗ ರಿಪೇರಿ ಶುಲ್ಕ. ಜಗಳವಿಲ್ಲ, ಲೆಕ್ಕ ಎಣಿಸಬೇಕಿಲ್ಲ. ಆದರೆ 3 ಬಾಡಿಗೆಯ ಒಂದು ರಿಪೇರಿಗೆ ಹಣ ಕೂಡಿಬರಲು 15 ಸಲ ಕೊಡಬೇಕು. ನನಗೆ ನಾಲ್ಕನೇ ಸಲವೇ ಮಿಕ್ಸರಿನ ಒಂದು ಚಾನೆಲ್ ಹೋಯಿತು. ತಿಂಗಳಿಗೆ ಹತ್ತು ಹನ್ನೆರಡು ಕಡೆ ಕೊಡುವವರಿಗೆ ಇದು ಸರಿ, ನನ್ನಂಥವರಿಗಲ್ಲ.

ಈಗ ನನ್ನ ಇಷ್ಟದ್ದಕ್ಕೆ ಬರುತ್ತೇನೆ. ಜೊತೆಗೆ ಹೋಗುವುದಕ್ಕೆ ಇನ್ನೊಂದು ಬಾಡಿಗೆಯಷ್ಟು ಕೂಲಿ ತೆಗೆದುಕೊಳ್ಳುತ್ತೇನೆ. ಒಟ್ಟು 2. ದುಬಾರಿ ಅಂತ ಗೊಣಗುತ್ತಾರೆ, ಆದರೂ ಕರೆಯುತ್ತಾರೆ, ಮಿಕ್ಸರ್ ಮುಂದೆ ಅವರ ಕಡೆಯವರು ಯಾರೂ ಕೂರಬೇಕಿಲ್ಲವಲ್ಲ. ನಾನು ಅಲ್ಲಿ ಮಾಡುವುದು ತುಂಬಾ ಕಡಿಮೆ ಕೆಲಸ. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲಿಗೆ. ಮಿಕ್ಸರಿನ ಕೆಂಪು ದೀಪ ಹತ್ತದಂತೆ ಗೇನ್ ಇಡುತ್ತೇನೆ. ಸದ್ದು ಸಾಲುತ್ತಿಲ್ಲ ಎಂದು ಯಾರಾದರೂ ಬಂದರೆ ಸ್ಪೀಕರನ್ನು ಜನರ ಹತ್ತಿರ ಸರಿಸುತ್ತೇನೆ, ಫೇಡರ್ ಮುಟ್ಟುವುದಿಲ್ಲ. ಕೆಂಪು ದೀಪ ಹತ್ತಿಕೊಂಡೇ ಇದ್ದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಆಗ ಹಾರ್ನಿಗೆ ಎಡೆಬಿಡದೆ ಬಿಸಿ ಏರುತ್ತದೆ. ಸ್ಪೀಕರಿನ ಒಳಗೆ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಇದ್ದರೂ ಗಂಟೆಗಟ್ಟಲೆ ಹೀಗೆ ಹೋದರೆ ಪೂರ್ತಿ ಭರವಸೆ ಇಡುವ ಹಾಗಿಲ್ಲ.

ಹಾರ್ನ್ ಸುಡುವ ಇನ್ನೊಂದು ದಾರಿ ಕೂಗು, ಅಂದರೆ ಸ್ಪೀಕರಿನ ಸದ್ದು ಮೈಕಿಗೆ ಹೋಗಿ ಮತ್ತೆ ಸ್ಪೀಕರಿಗೇ ಬಂದು ಏಳುವ ಕೀರಲು. ಒಮ್ಮೆ ನಿರೂಪಕರೊಬ್ಬರು ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ಸ್ಪೀಕರಿನ ಮುಂದೆಯೇ ನಡೆದರು. ಜಾಲರಿ ಮುಚ್ಚಿದರೆ ಮೈಕಿಗೆ ಮುಂದು ಹಿಂದು ಎಂಬ ಭೇದ ಹೋಗುತ್ತದೆ, ಎಲ್ಲ ಕಡೆಯಿಂದಲೂ ಸದ್ದು ಹೀರುತ್ತದೆ. ಕೀ ಎಂದು ಶುರುವಾಯಿತು. ಒಂದೇ ಸೆಕೆಂಡಿನಲ್ಲಿ ಫೇಡರ್ ಎಳೆದೆ. ನಾನಿಲ್ಲದಿದ್ದರೆ ಮಿಕ್ಸರ್ ಹುಡುಕಿ ಬರುವ ಹೊತ್ತಿಗೆ ಅರ್ಧ ನಿಮಿಷ ಆಗುತ್ತಿತ್ತು. ಹೊಸ ಡಯಾಫ್ರಾಮ್ ಹಾಕಿಸಿ ಆಗಷ್ಟೇ ಎರಡು ವಾರ.

ಜೊತೆಗೆ ಹೋಗುವುದರಲ್ಲೂ ಕಿರಿಕಿರಿ ಇದೆ, ಇಲ್ಲ ಅನ್ನುವುದಿಲ್ಲ. ರಜೆಯ ಸಂಜೆಗಳು ಹೋಗುತ್ತವೆ. ಒಂದೇ ದಿನ ಎರಡು ಕಡೆ ಆಗುವುದಿಲ್ಲ. ಬೇಗ ಮಲಗುವ ಅಭ್ಯಾಸ ನನ್ನದು, ಹತ್ತರ ಮೇಲೆ ನಡೆಯುವ ಕಾರ್ಯಕ್ರಮ ಒಪ್ಪಿಕೊಳ್ಳುವುದೇ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ, ದಿನಕ್ಕೆ ಮೂರು ಸೆಟ್ ಕಳಿಸುವವರಿಗೆ ಇದು ಆಗದ ಮಾತು. ಅವರು 4 ಬಾಡಿಗೆಯ ಡೆಪಾಸಿಟ್, ಮರುದಿನದ ಸ್ವೀಪ್, ಕೊಡುವಾಗ ತಾರೀಖಿನ ಜೊತೆ ಒಂದು ವಿಡಿಯೋ, ಇಷ್ಟರಲ್ಲೇ ನಡೆಸಬಹುದು.

ಪ್ರೊಜೆಕ್ಟರಿಗೆ ನಾನು ಹೋಗುವುದಿಲ್ಲ. ಅದರ ಹಾನಿ ಕಣ್ಣಿಗೆ ಕಾಣುತ್ತದೆ. ಮೆನುವಿನಲ್ಲಿ ಲ್ಯಾಂಪ್ ಓಡಿದ ಗಂಟೆ ಇರುತ್ತದೆ, ಕೊಡುವಾಗ ಬರುವಾಗ ಎರಡನ್ನೂ ಚೀಟಿಯಲ್ಲಿ ಬರೆಯುತ್ತೇನೆ. ಬಂದ ಮೇಲೆ ಗೋಡೆಗೆ ಒಂದು ಪೂರ್ತಿ ಬಿಳಿ ಚಿತ್ರ, ಒಂದು ಪೂರ್ತಿ ಕಪ್ಪು ಚಿತ್ರ. ಬಿಳಿಯಲ್ಲಿ ಕಲೆ, ಕಪ್ಪಿನಲ್ಲಿ ಬೆಳಗುವ ಚುಕ್ಕಿ ಎರಡೂ ಗೊತ್ತಾಗುತ್ತವೆ. ಎರಡು ನಿಮಿಷದ ಕೆಲಸ, ಸದ್ದೂ ಇಲ್ಲ. ಡೆಪಾಸಿಟ್ ಅದೇ ರಾತ್ರಿ ವಾಪಸ್.

ಕ್ಯಾಮೆರಾ ಕೊಡುವುದನ್ನು ನಿಲ್ಲಿಸಿದ್ದೇನೆ. ವೇದಿಕೆಯ ಲೇಸರ್ ದೀಪ ನೇರವಾಗಿ ಲೆನ್ಸಿಗೆ ಹೊಡೆದರೆ ಸೆನ್ಸರ್ ಸುಟ್ಟು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಗೆರೆ ಉಳಿಯುತ್ತದೆ. ಸೆನ್ಸರ್ ಬದಲಿಸುವ ಖರ್ಚಿಗೆ ಕ್ಯಾಮೆರಾದ ಅರ್ಧ ಬೆಲೆ ಹೋದರೂ ಆಶ್ಚರ್ಯವಿಲ್ಲ. ಅಷ್ಟು ಡೆಪಾಸಿಟ್ ಕೇಳಿದರೆ ಮತ್ತೆ ಮೊದಲಿನ ಕಥೆಯೇ. ಯಾರಾದರೂ ತೀರಾ ಕೇಳಿದರೆ ನಾನೇ ಬಂದು ತೆಗೆದುಕೊಡುತ್ತೇನೆ ಎನ್ನುತ್ತೇನೆ. ಕಾರ್ಯಕ್ರಮ ಹತ್ತಕ್ಕೆ ಮುಗಿಯುವುದಾದರೆ.