ಕ್ಯಾಶ್‌ಬ್ಯಾಕ್ ಮೆಸೇಜ್ ನಂಬಿ 750 ರೂಪಾಯಿ ಕಳೆದುಕೊಂಡೆ

ತುಮಕೂರಿನ ಬಿ.ಎಚ್. ರಸ್ತೆಯ ಒಂದು ದೊಡ್ಡ ಬಟ್ಟೆ ಅಂಗಡಿ. ಹೆಸರು ಬೇಡ. ದೀಪಾವಳಿಗೆ ಅಂತ ಅಕ್ಟೋಬರ್ 10ಕ್ಕೆ ಅಲ್ಲಿ 7,500 ರೂಪಾಯಿಯ ಸೀರೆ ತೆಗೆದುಕೊಂಡೆವು. ಬಿಲ್ ಕೈಗೆ ಬರುವ ಮೊದಲೇ ಫೋನ್ ಟಿಂಗ್ ಅಂತು: "ನೀವು 750 ರೂ. ಕ್ಯಾಶ್‌ಬ್ಯಾಕ್ ಗಳಿಸಿದ್ದೀರಿ. ವ್ಯಾಲಿಡಿಟಿ 30 ದಿನ. ಷರತ್ತು ಅನ್ವಯ."

ಮನೆಗೆ ಬಂದು ಅಂಗಡಿಯ ಆ್ಯಪ್ ನೋಡಿದರೆ ಬ್ಯಾಲೆನ್ಸ್ ಸೊನ್ನೆ. ಫೋನ್ ಮಾಡಿ ಕೇಳಿದೆ. ಸೀರೆ ವಾಪಸ್ ಕೊಡಲು 14 ದಿನ ಇರುತ್ತದಂತೆ, ಅದು ಮುಗಿದ ಮೇಲೇ ದುಡ್ಡು ಆ್ಯಪಿಗೆ ಬರುವುದಂತೆ. ಇದರಲ್ಲಿ ತಪ್ಪೇನೂ ಇಲ್ಲ. ಕ್ಯಾಶ್‌ಬ್ಯಾಕ್ ಬಳಸಿಕೊಂಡು ಆಮೇಲೆ ಸೀರೆ ವಾಪಸ್ ಕೊಟ್ಟರೆ ನಷ್ಟ ಅಂಗಡಿಯವರಿಗೇ ಅಲ್ವಾ? ಹೇಳಿದ ಹಾಗೆ 25ಕ್ಕೆ ಇನ್ನೊಂದು ಮೆಸೇಜ್ ಬಂತು: "750 ರೂ. ಜಮೆ ಆಗಿದೆ." ಅಷ್ಟೇ. ಯಾವತ್ತಿನವರೆಗೆ ಅಂತ ಒಂದಕ್ಷರ ಇಲ್ಲ.

ನಾನು ಸುಮ್ನೆ ಲೆಕ್ಕ ಹಾಕಿಕೊಂಡೆ. 25ಕ್ಕೆ ಬಂದ ದುಡ್ಡು, 30 ದಿನ ಅಂದರೆ ನವೆಂಬರ್ 23ರವರೆಗೆ ಅವಸರ ಇಲ್ಲ. ನವೆಂಬರ್ 16ಕ್ಕೆ ಹೋಗಿ ಮಕ್ಕಳಿಗೆ 2,400 ರೂಪಾಯಿಯ ಬಟ್ಟೆ ಆರಿಸಿದೆ. ನಿಜ ಹೇಳಬೇಕೆಂದರೆ ಆ 750 ಇದೆ ಅನ್ನುವ ಧೈರ್ಯಕ್ಕೇ ಒಂದು ಜೊತೆ ಜಾಸ್ತಿ ತೆಗೆದುಕೊಂಡಿದ್ದೆ. ಕೌಂಟರಿನ ಹುಡುಗ ನಂಬರ್ ಒತ್ತಿ ನೋಡಿ, "ಅಕ್ಕಾ, ಇದು ಎಂಟನೇ ತಾರೀಖಿಗೇ ಮುಗಿದೋಗಿದೆ" ಅಂದ.

ಅವರ 30 ದಿನ ಶುರುವಾಗಿದ್ದು ದುಡ್ಡು ಜಮೆ ಆದ ದಿನದಿಂದ ಅಲ್ಲ, ಬಿಲ್ ಆದ ದಿನದಿಂದ. ಅದರಲ್ಲೂ ಬಿಲ್ ದಿನವನ್ನೇ ಮೊದಲನೇ ದಿನ ಅಂತ ಎಣಿಸಿದ್ದಾರೆ. ಅಕ್ಟೋಬರ್ 10ರಿಂದ ಎಣಿಸಿದರೆ 30ನೇ ದಿನ ನವೆಂಬರ್ 8. ಮೊದಲ 15 ದಿನ ದುಡ್ಡೇ ಬಂದಿರಲಿಲ್ಲ. ಹಾಗಾಗಿ 30 ದಿನ ಅಂತ ಹೇಳಿ ಕೈಗೆ ಕೊಟ್ಟಿದ್ದು ಬರೀ 15. ಷರತ್ತಿನ ಲಿಂಕ್ ಒತ್ತಿ ಕೆಳಗಿನವರೆಗೆ ಓದಿದ್ದರೆ ಇದು ಸಿಗುತ್ತಿತ್ತು, ಒಪ್ಪುತ್ತೇನೆ. ಆದರೆ ಸೀರೆ ಚೀಲ ಹಿಡಿದುಕೊಂಡು ಅದನ್ನು ಯಾರು ಓದುತ್ತಾರೆ?

ಮೆಸೇಜಿನಲ್ಲಿ ಬೇಕಾಗಿದ್ದು ಎರಡೇ ಸಾಲು: "750 ರೂ. ಅಕ್ಟೋಬರ್ 25ಕ್ಕೆ ಜಮೆ ಆಗುತ್ತದೆ. ನವೆಂಬರ್ 8ರ ರಾತ್ರಿ ಅಂಗಡಿ ಮುಚ್ಚುವವರೆಗೆ ಬಳಸಬಹುದು." ದಿನದ ಲೆಕ್ಕ ಬೇಡ, ತಾರೀಖು ಹಾಕಿದರೆ ಸಾಕು. "30 ದಿನ" ಅಂದಾಗ ಎಲ್ಲಿಂದ ಎಣಿಸಬೇಕು ಅನ್ನುವುದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ನಿಮಗೂ ಇಂಥ ಮೆಸೇಜ್ ಬಂದರೆ ಕೌಂಟರ್ ಬಿಡುವ ಮೊದಲೇ ಎರಡು ತಾರೀಖು ಕೇಳಿ: ಯಾವತ್ತು ಬರುತ್ತೆ, ಯಾವತ್ತು ಹೋಗುತ್ತೆ. ಮೊನ್ನೆ ಇನ್ನೊಂದು ಅಂಗಡಿಯಲ್ಲಿ ಕುಕ್ಕರ್ ತೆಗೆದುಕೊಂಡಾಗ ನಾನು ಬಿಲ್ ಹಿಂದೆಯೇ ಬರೆಸಿಕೊಂಡೆ. ಮೊದಲನೇ ತಾರೀಖನ್ನು ಹುಡುಗ ಪಟ್ ಅಂತ ಹೇಳಿದ. ಎರಡನೆಯದಕ್ಕೆ ಒಳಗೆ ಹೋಗಿ ಮ್ಯಾನೇಜರ್‌ನ ಕೇಳಿಕೊಂಡು ಬಂದ.