ಹೊಸ ಗಾಢ ನೀಲಿ ಜೀನ್ಸ್ ತೊಟ್ಟು ತಿಳಿಬಣ್ಣದ ಸೋಫಾದ ಮೇಲೆ ಕೂರುವ ಮುನ್ನ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕೆನೆಬಣ್ಣದ ರೆಕ್ಸಿನ್ ಸೋಫಾ ಹಾಳಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅಣ್ಣನ ಮಗ ಅದೇ ವಾರ ಕೊಂಡಿದ್ದ ಕಡುನೀಲಿ ಜೀನ್ಸ್ ತೊಟ್ಟು, ತುಂತುರು ಮಳೆಯಲ್ಲಿ ಬೈಕ್ ಓಡಿಸಿಕೊಂಡು ಬಂದವನು, ಸಂಜೆಯೆಲ್ಲ ಆ ಸೋಫಾದ ಮೇಲೆ ಕುಳಿತು ಕ್ರಿಕೆಟ್ ನೋಡಿದ. ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿದರೆ ಆಸನದ ಮುಂದಿನ ಅಂಚಿನಲ್ಲಿ, ತೊಡೆ ಒತ್ತಿದ ಎರಡೂ ಕಡೆ, ಮಸುಕಾದ ನೀಲಿ ಪಟ್ಟೆಗಳು ಮೂಡಿದ್ದವು. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದಾಗ ಮೇಲಿನ ಬಣ್ಣ ಬಂತು; ಆದರೆ ರೆಕ್ಸಿನ್ನಿನ ಸಣ್ಣ ಸಣ್ಣ ಗೆರೆಗಳ ಒಳಗೆ ಮತ್ತು ಹೊಲಿಗೆಯ ದಾರದಲ್ಲಿ ಕುಳಿತಿದ್ದ ನೀಲಿ ಅಲ್ಲೇ ಉಳಿಯಿತು.

ಜೀನ್ಸ್ ಕಳಪೆಯಾಗಿತ್ತು ಎಂದು ತಿಳಿಯಬೇಕಾಗಿಲ್ಲ, ದುಬಾರಿ ಜೀನ್ಸಿನಲ್ಲಿಯೂ ಇದು ಆಗುತ್ತದೆ. ಡೆನಿಮ್‌ಗೆ ಹಾಕುವ ಇಂಡಿಗೊ ನೀರಿನಲ್ಲಿ ಕರಗದ ಬಣ್ಣ. ಅದನ್ನು ರಾಸಾಯನಿಕದಿಂದ ಕರಗುವ ರೂಪಕ್ಕೆ ತಂದು, ನೂಲನ್ನು ಅದರಲ್ಲಿ ಮತ್ತೆ ಮತ್ತೆ ಅದ್ದಿ, ಪ್ರತಿ ಸಲವೂ ಗಾಳಿಗೆ ಒಡ್ಡುತ್ತಾರೆ. ಗಾಳಿ ತಾಗಿದೊಡನೆ ಅದು ಮತ್ತೆ ಕರಗದ ನೀಲಿಯಾಗುತ್ತದೆ. ಹೀಗಾಗಿ ಬಣ್ಣವು ನೂಲಿನ ಹೊರಪದರಗಳಲ್ಲೇ ಹೆಚ್ಚಾಗಿ ನಿಲ್ಲುತ್ತದೆ, ನಡುಭಾಗ ಬೆಳ್ಳಗೇ ಉಳಿಯುತ್ತದೆ. ಹತ್ತಿಯೊಂದಿಗೆ ಅದಕ್ಕೆ ಗಟ್ಟಿಯಾದ ರಾಸಾಯನಿಕ ಬಂಧವೂ ಇಲ್ಲದಿರುವುದರಿಂದ ಉಜ್ಜಿದಾಗ ಕಣಗಳು ಕಳಚಿಕೊಳ್ಳುತ್ತವೆ. ಬಣ್ಣ ಎಷ್ಟು ಗಾಢವೋ ಅಷ್ಟು ಸಡಿಲ ಕಣಗಳು.

ಪ್ರಯೋಗಾಲಯಗಳಲ್ಲಿ ಇದನ್ನು ಅಳೆಯಲು ಬಿಳಿಯ ಹತ್ತಿಬಟ್ಟೆಯ ತುಂಡನ್ನು ಡೆನಿಮ್ ಮೇಲೆ ನಿಗದಿತ ಒತ್ತಡದಲ್ಲಿ 10 ಬಾರಿ ಉಜ್ಜಿ, ಅಂಟಿದ ಬಣ್ಣಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಬಣ್ಣ ಅಂಟಿಲ್ಲ ಎಂದರ್ಥ. ಒಣಗಿದ್ದಾಗ ಪರವಾಗಿಲ್ಲ ಎನ್ನುವಷ್ಟು ಅಂಕ ಪಡೆಯುವ ಕಡುನೀಲಿ ಡೆನಿಮ್, ಒದ್ದೆಯಾದಾಗ 1–2ಕ್ಕೆ ಇಳಿಯುವುದು ಸಾಮಾನ್ಯ. ನಮ್ಮ ಸೋಫಾಕ್ಕೆ ಆ ಸಂಜೆಯ ಮಳೆಯೇ ಮುಳುವಾಯಿತು. ಬೆವರಿನಿಂದಲೂ ಇದೇ ಆಗುತ್ತದೆ. ಸೊಂಟದ ಬಳಿ ತೂಗಾಡುವ ಬಿಳಿ ಬ್ಯಾಗಿನ ಹಿಂಬದಿ, ನಡೆಯುವಾಗ ಜೀನ್ಸಿಗೆ ಉಜ್ಜಿ ಉಜ್ಜಿ, ಮೊದಲು ಕಲೆಯಾಗುವುದು ಅದಕ್ಕೇ.

ಅನಂತರ ನಡೆದದ್ದು ಇನ್ನೂ ಬೇಸರದ ಸಂಗತಿ. ಸೋಫಾ ಮಾರಿದ ಅಂಗಡಿಯವರು, ಬಟ್ಟೆಯಿಂದ ಹತ್ತಿದ ಬಣ್ಣ ವಾರಂಟಿಗೆ ಬರುವುದಿಲ್ಲವೆಂದರು. ಅವರೇ ಸೂಚಿಸಿದ ಸ್ವಚ್ಛತೆಯ ಕೆಲಸಗಾರ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ನೀಲಿ ಹೋಯಿತು, ಜೊತೆಗೆ ರೆಕ್ಸಿನ್ನಿನ ಮೇಲ್ಪದರವೂ ಹೋಯಿತು. ಈಗ ಆ ಜಾಗ ಹೊಳಪು ಕಳೆದುಕೊಂಡು ಒರಟಾಗಿದೆ, ಬಿರುಕೂ ಬಿಡುತ್ತಿದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಬ್ಲೀಚ್ ಇವುಗಳಲ್ಲಿ ಯಾವುದನ್ನೂ ರೆಕ್ಸಿನ್ ಅಥವಾ ಚರ್ಮದ ಹತ್ತಿರ ಬರಗೊಡಬೇಡಿ. ಕಲೆ ಕಂಡ ದಿನವೇ, ಮೃದು ಬಟ್ಟೆಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ, ಹೊರಗಿನಿಂದ ಒಳಕ್ಕೆ ಹಗುರವಾಗಿ ಒರೆಸಿ, ಶುದ್ಧ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಒಣಗಿಸಬೇಕು. ರೆಕ್ಸಿನ್ನಿನ ಪ್ಲಾಸ್ಟಿಕ್ ಪದರಕ್ಕೆ ಬಣ್ಣ ಇಳಿಯಲು ಬಿಟ್ಟರೆ, ಅದರಲ್ಲೂ ಬಿಸಿಲು ಬೀಳುವ ಜಾಗದಲ್ಲಿ, ಮೇಲಿನಿಂದ ಒರೆಸಿ ತೆಗೆಯುವುದು ಕಷ್ಟ.

ಹೊಸ ಜೀನ್ಸನ್ನು ತೊಡುವ ಮೊದಲೇ ಒಂದು ಪರೀಕ್ಷೆ ಮಾಡಿ. ಹಳೆಯ ಬಿಳಿ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಬೆರಳಿಗೆ ಸುತ್ತಿ, ತೊಡೆಯ ಭಾಗದಲ್ಲಿ ಹತ್ತು ಸಲ ಒತ್ತಿ ಉಜ್ಜಿ ನೋಡಿ. ಬಟ್ಟೆ ಸ್ಪಷ್ಟವಾಗಿ ನೀಲಿಯಾದರೆ ಆ ಜೀನ್ಸ್ ತಿಳಿಬಣ್ಣದ ಆಸನಕ್ಕೆ ಸಲ್ಲದು. ಆಗ ಅದನ್ನು ಒಳಭಾಗ ಹೊರಗೆ ಮಾಡಿ, ಗುಂಡಿ ಹಾಕಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ, ತಣ್ಣೀರಿಗೆ ಸ್ವಲ್ಪ ದ್ರವ ಡಿಟರ್ಜೆಂಟ್ ಹಾಕಿ ಒಗೆದು, ಜಾಲಿಸಿದ ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಪ್ರತಿ ಒಗೆತದಲ್ಲೂ ಸಡಿಲ ಕಣಗಳು ಕಡಿಮೆಯಾಗುತ್ತವೆ, ಬಣ್ಣವೂ ಸ್ವಲ್ಪ ತಿಳಿಯಾಗುತ್ತದೆ; ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕಾಗುತ್ತದೆ.

ಉಪ್ಪು ಅಥವಾ ವಿನಿಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹಲವರು ಹೇಳುತ್ತಾರೆ. ಇಂಡಿಗೊ ಈಗಾಗಲೇ ಕರಗದ ಕಣವಾಗಿ ನೂಲಿನ ಮೇಲೆ ಕುಳಿತಿರುವುದರಿಂದ, ಉಪ್ಪಾಗಲಿ ಹುಳಿಯಾಗಲಿ ಅದನ್ನು ಹತ್ತಿಗೆ ಬಂಧಿಸಲಾರವು. ನೆನೆಸಿದ ನೀರಿಗೆ ಬಣ್ಣ ಬಿಟ್ಟು ಜೀನ್ಸ್ ಸ್ವಲ್ಪ ಸುಧಾರಿಸಿದಂತೆ ಕಂಡರೆ, ಅದು ಬರೀ ನೀರಿನಲ್ಲಿ ತೊಳೆದರೂ ಆಗುತ್ತಿದ್ದದ್ದೇ.

ಪರೀಕ್ಷೆಯ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ನಮ್ಮ ಮನೆಯ ಸೋಫಾದ ಮೇಲೆ ಒಗೆಯಬಹುದಾದ ದಪ್ಪ ಹತ್ತಿಯ ಹೊದಿಕೆ ಹಾಸಿರುತ್ತೇವೆ. ತೆಳುವಾದ ಹೊದಿಕೆಯಾದರೆ ಒದ್ದೆ ಜೀನ್ಸಿನ ಬಣ್ಣ ಅದನ್ನೂ ದಾಟಿ ಇಳಿಯುತ್ತದೆ. ಬಿಳಿ ಬ್ಯಾಗಿಗೆ ಹೊದಿಕೆ ಹಾಕಲು ಸಾಧ್ಯವಿಲ್ಲದ ಕಾರಣ, ಅದನ್ನು ಹೊಸ ಗಾಢ ಜೀನ್ಸಿನೊಂದಿಗೆ ತೆಗೆದುಕೊಂಡು ಹೋಗದಿರುವುದು, ಅಥವಾ ಸೊಂಟಕ್ಕೆ ತಾಗದಂತೆ ಪಟ್ಟಿಯನ್ನು ಗಿಡ್ಡ ಮಾಡಿ ತೋಳಿನ ಕೆಳಗೆ ಹಿಡಿಯುವುದು ಒಳ್ಳೆಯದು.